ಸೈಕಲ್ ಕಂಪನಿಗೆ ಬರೆಸದ ಷರಾ

ನನ್ನ ಚಿಕ್ಕಮ್ಮನನ್ನು ಅವಳ ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಷರಾ ಮೇಡಂ’ ಎನ್ನುತ್ತಾರೆ. ಅವಳಿಗೆ ಇದು ಗೊತ್ತಿಲ್ಲ ಎಂದು ಅವರು ತಿಳಿದಿದ್ದಾರೆ. ಅವಳಿಗೆ ಗೊತ್ತು, ಒಳಗೊಳಗೇ ಖುಷಿಯೂ ಇತ್ತು. ಈಗ ಆ ಹೆಸರು ಕಿವಿಗೆ ಬಿದ್ದರೆ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಾಳೆ. ಯಾಕೆ ಎಂದು ಹೇಳುವುದಕ್ಕೇ ನಾನು ಕೂತಿರುವುದು.

ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳ ಅಕೌಂಟ್ಸ್ ಟ್ಯೂಷನ್ ನಡೆಯುತ್ತದೆ. ಕಡಿದಾದ ಕಬ್ಬಿಣದ ಮೆಟ್ಟಿಲು, ನಾಲ್ಕು ಉದ್ದನೆಯ ಬೆಂಚು, ಒಂದು ಮೂಲೆ ಮುರಿದ ಕಪ್ಪು ಹಲಗೆ. ಕೆಳಗಿನಿಂದ ಹೊಲಿಗೆ ಮಿಷನ್ನಿನ ಸದ್ದು ಸದಾ ಬರುತ್ತಿರುತ್ತದೆ. ಹೊಸಬರಿಗೆ ಕಿರಿಕಿರಿ, ಹಳಬರಿಗೆ ಅದಿಲ್ಲದಿದ್ದರೆ ಲೆಕ್ಕ ಟ್ಯಾಲಿ ಆಗುವುದಿಲ್ಲ. ಹಗಲು ಎಲ್ಲೆಲ್ಲೋ ಕೆಲಸ ಮಾಡಿ, ಸಂಜೆ ಅಕೌಂಟ್ಸ್ ಡಿಪ್ಲೊಮಾ ಪರೀಕ್ಷೆಗೆ ಓದುವವರು ಅಲ್ಲಿಗೆ ಬರುತ್ತಾರೆ. ನಾನು ಹತ್ತಿರದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಕೆಲಸ ಮುಗಿಸಿ ಅಲ್ಲಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಆಕಳಿಸುತ್ತ ಕೂರುತ್ತೇನೆ. ಆಮೇಲೆ ಇಬ್ಬರೂ ಜೊತೆಗೆ ಮನೆಗೆ. ಹೀಗೆ ವರ್ಷಗಟ್ಟಲೆ ಕೂತು ಕೂತು, ಬೇಡ ಬೇಡವೆಂದರೂ ಬ್ಯಾಲೆನ್ಸ್ ಶೀಟು ನನ್ನ ತಲೆಗೆ ಅಂಟಿಕೊಂಡಿದೆ.

ಚಿಕ್ಕಮ್ಮನಿಗೆ ಎರಡು ಕಟ್ಟಳೆ. ಒಂದು, ಲೆಕ್ಕದ ಕೆಳಗೆ ಷರಾ ಇರಲೇಬೇಕು. ಅನುಪಾತ ಹಾಕಿ ಪೆನ್ನು ಕೆಳಗಿಟ್ಟವನಿಗೆ ಅವಳ ಬಾಯಿಂದ ಉಳಿಗಾಲವಿಲ್ಲ.

“ಜ್ವರ ನೋಡಿ, ನೂರ ಎರಡು ಅಂತ ಹೇಳಿ, ಎದ್ದು ಹೋಗೋ ಡಾಕ್ಟರ್‌ಗೆ ಫೀಸ್ ಕೊಡ್ತೀರೇನ್ರೀ? ಕಂಪನಿ ಹೇಗಿದೆ ಅಂತ ಒಂದು ಸಾಲು ಬರೀರಿ. ಅದಕ್ಕೇ ಮಾರ್ಕು.”

ಎರಡನೆಯದು, ಹಲಗೆಯ ಮೇಲೆ ಅವಳದೇ ತಪ್ಪಾದರೆ ಆವತ್ತು ಇಡೀ ಕ್ಲಾಸಿಗೆ ಅವಳ ಖರ್ಚಿನಲ್ಲಿ ಟೀ. ಇದು ಉದಾರ ಬುದ್ಧಿ ಎಂದು ಮೋಸ ಹೋಗಬೇಡಿ. ತಪ್ಪೇ ಆಗುವುದಿಲ್ಲ ಎಂಬ ಜಂಬ ಅದು. ಆ ಟೀಯನ್ನು ಕೊಡಿಸಿದ್ದು ನಾನು ನೋಡಿದ ಹಾಗೆ ಒಂದೋ ಎರಡೋ ಸಲ. ಆಗಲೂ ಔಷಧಿ ಕುಡಿದವಳಂತೆ ಮುಖ ಮಾಡಿಕೊಂಡಿದ್ದಳು.

ಆ ವರ್ಷದ ಬ್ಯಾಚಿನಲ್ಲಿ ಒಬ್ಬರು ಉಳಿದವರಿಗಿಂತ ತುಂಬ ದೊಡ್ಡವರಿದ್ದರು. ಪಂಪು ತಯಾರಿಸುವ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತರು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಅವರನ್ನು ‘ಸ್ಟೋರ್ಸ್ ಅಣ್ಣ’ ಎನ್ನುತ್ತಿದ್ದರು. ನಟ್ಟು ಬೋಲ್ಟು ಎಣಿಸಿ ಎಣಿಸಿ ಬೇಸತ್ತಿದ್ದೇನೆ, ಈ ಪರೀಕ್ಷೆ ಪಾಸಾದರೆ ಅಕೌಂಟ್ಸ್ ವಿಭಾಗಕ್ಕೆ ಹಾಕುತ್ತಾರೆ ಎಂದು ಬಂದವರು. ಬರಹ ಮುತ್ತಿನಂತಿರಲಿಲ್ಲ, ಆದರೆ ಚಿಕ್ಕಮ್ಮ ಬಾಯಲ್ಲಿ ಹೇಳಿದ್ದನ್ನೆಲ್ಲ ಕಾಮಾ ಬಿಡದೆ ಬರೆದುಕೊಳ್ಳುತ್ತಿದ್ದರು. ಅವಳು ಕೆಮ್ಮಿದರೆ ಅದನ್ನೂ ಬರೆದುಕೊಳ್ಳುತ್ತಾರೆ ಎಂದು ನಾನು ರೇಗಿಸುತ್ತಿದ್ದೆ. ಅಂಥ ನಂಬಿಕೆ ಅವರದು.

ಅನುಪಾತದ ಪಾಠ ಶುರುವಾದ ವಾರ. ಮೊದಲು ಲಿಕ್ವಿಡಿಟಿ. ಚಿಕ್ಕಮ್ಮ ಹಲಗೆಯ ಮೇಲೆ ಎರಡು ಗೆರೆ ಎಳೆದು ಹೇಳಿದಳು:

“ಇದು ಹತ್ತಿರದ ಪ್ರಶ್ನೆ. ಒಂದು ವರ್ಷದೊಳಗೆ ಕಂಪನಿ ಕೊಡ್ಬೇಕಾದ್ದೆಷ್ಟು, ಅದನ್ನ ಕೊಡೋಕೆ ವರ್ಷದೊಳಗೆ ಕೈಗೆ ಬರೋದೆಷ್ಟು. ಸರಕು, ಗಿರಾಕಿಗಳಿಂದ ಬರೋ ಬಾಕಿ, ಬ್ಯಾಂಕಲ್ಲಿರೋ ಹಣ ಇವೆಲ್ಲ ಕೂಡಿಸಿ, ಕೊಡ್ಬೇಕಾದ್ದರಿಂದ ಭಾಗಿಸಿದ್ರೆ ಕರೆಂಟ್ ರೇಶಿಯೋ. ಎರಡಿದ್ರೆ ಸಾಮಾನ್ಯವಾಗಿ ಚೆನ್ನಾಗಿದೆ ಅಂತಾರೆ. ಸರಕು ನಾಳೆನೇ ಮಾರಾಟ ಆಗುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಅದನ್ನ ಬಿಟ್ಟು ಹಾಕಿದ್ರೆ ಕ್ವಿಕ್ ರೇಶಿಯೋ. ಅದು ಒಂದಿದ್ರೆ ಸಾಕು.”

ಸ್ಟೋರ್ಸ್ ಅಣ್ಣ ಎದ್ದು ನಿಂತರು. ಕೈಯಲ್ಲಿ ಎರಡು ವಾರ್ಷಿಕ ವರದಿ.

“ಮೇಡಂ, ತಪ್ಪು ತಿಳ್ಕೋಬೇಡಿ, ಒಂದು ಸ್ವಂತ ವಿಷಯ. ಇದು ನಮ್ಮ ಪಂಪಿನ ಕಂಪನೀದು. ಇದು ಆ ಸಹಕಾರಿ ಪ್ರೆಸ್ಸಿಂದು, ಶಾಲಾ ಪುಸ್ತಕ ಅಚ್ಚು ಹಾಕ್ತಾರಲ್ಲ, ಅವ್ರದು. ಅಲ್ಲಿ ನಂಗೆ ಈಗ್ಲೇ ಅಕೌಂಟ್ಸ್ ಕೆಲ್ಸ ಕೊಡ್ತೀವಿ ಅಂತಿದಾರೆ. ಮುಂದಿನ ವಾರದೊಳಗೆ ಹೇಳ್ಬೇಕು. ಮಗಳು ಹೈಸ್ಕೂಲಿಗೆ ಬಂದಿದಾಳೆ. ಈ ವಯಸ್ಸಲ್ಲಿ ಒಂದು ಸಲ ಎದ್ದು ಹೋದ್ರೆ ಮತ್ತೆ ವಾಪಸ್ ತಗೊಳ್ಳಲ್ಲ. ಯಾವ್ದು ಗಟ್ಟಿ ಅಂತ ನೀವೇ ನೋಡಿ ಹೇಳ್ಬೇಕು.”

ಚಿಕ್ಕಮ್ಮನಿಗೆ ಇಷ್ಟು ಸಾಕು. ಪುಸ್ತಕದ ಸುಳ್ಳು ಕಂಪನಿಗಳನ್ನು ಬಿಡಿಸಿ ಬಿಡಿಸಿ ಬೇಜಾರಾಗಿದ್ದವಳಿಗೆ ನಿಜವಾದ ಕಂಪನಿ ಸಿಕ್ಕಿತ್ತು, ಅದೂ ಎರಡು. ಸೆರಗು ಸಿಕ್ಕಿಸಿಕೊಂಡು ಸೀಮೆಸುಣ್ಣ ಹಿಡಿದಳು. ಎಲ್ಲವೂ ಲಕ್ಷಗಳಲ್ಲಿ. ಪಂಪು ಕಂಪನಿಗೆ ಸರಕು ನೂರೈವತ್ತು, ಬರಬೇಕಾದ ಬಾಕಿ ನೂರೆಂಬತ್ತು, ಬ್ಯಾಂಕಿನಲ್ಲಿ ನೂರೈವತ್ತು, ಒಟ್ಟು ನಾನೂರೆಂಬತ್ತು. ವರ್ಷದೊಳಗೆ ಕೊಡಬೇಕಾದ್ದು ಇನ್ನೂರು. ಕರೆಂಟ್ ರೇಶಿಯೋ 2.4, ಸರಕು ಬಿಟ್ಟರೆ ಕ್ವಿಕ್ 1.65. ಪ್ರೆಸ್ಸಿಗೆ ಕಾಗದ ಮಸಿ ಮೂವತ್ತು, ಬಾಕಿ ಐವತ್ತು, ಹಣ ಹತ್ತು, ಒಟ್ಟು ತೊಂಬತ್ತು. ಕೊಡಬೇಕಾದ್ದು ನೂರು. ಕರೆಂಟ್ 0.9, ಕ್ವಿಕ್ 0.6.

“ಷರಾ ಬರ್ಕೊಳ್ಳಿ,” ಎಂದಳು. “ಪಂಪು ಗುಂಡುಕಲ್ಲಿನ ಹಾಗಿದೆ. ಪ್ರೆಸ್ಸಿಗೆ ಉಬ್ಬಸ, ಮೆಟ್ಟಿಲು ಹತ್ತೋಕೂ ಆಗಲ್ಲ. ಅಲ್ಲಿ ಸಂಬಳ ಎಷ್ಟನೇ ತಾರೀಕು ಆಗುತ್ತಂತೆ?”

“ಹತ್ತೋ ಹನ್ನೆರಡೋ ಆಗುತ್ತಂತೆ ಮೇಡಂ.”

“ನೋಡಿದ್ರಾ? ಲೆಕ್ಕ ಸುಳ್ಳು ಹೇಳಲ್ಲ. ಎಲ್ಲಿಗೂ ಹೋಗ್ಬೇಡಿ, ಇದ್ದಲ್ಲೇ ಇರಿ.”

ಕ್ಲಾಸು ನಕ್ಕಿತು. ಸ್ಟೋರ್ಸ್ ಅಣ್ಣ ಗುಂಡುಕಲ್ಲನ್ನೂ ಉಬ್ಬಸವನ್ನೂ ಬರೆದುಕೊಂಡರು. ಅವರ ಮುಖದಲ್ಲಿ ಎಂಥ ನೆಮ್ಮದಿ ಬಂತೆಂದರೆ, ನನಗೂ ಚಿಕ್ಕಮ್ಮನ ಮೇಲೆ ಹೆಮ್ಮೆಯಾಯಿತು. ವರದಿಗಳನ್ನು ಅವಳ ಹತ್ತಿರವೇ ಬಿಟ್ಟು ಹೋದರು, ಮುಂದಿನ ಪಾಠಕ್ಕೆ ಬೇಕಾದರೆ ಇರಲಿ ಎಂದು.

ಮುಂದಿನ ಪಾಠ ಸಾಲ್ವೆನ್ಸಿ. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಅದೇ ವರದಿಗಳನ್ನು ಹರಡಿಕೊಂಡು ಅವಳು ಪಾಠಕ್ಕೆ ಲೆಕ್ಕ ತಯಾರಿಸುತ್ತಿದ್ದಳು. ನಾನು ಬಟ್ಟೆ ಮಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಅವಳ ಪೆನ್ನು ನಿಂತಿತು.

“ಏನಾಯ್ತು?”

“ಏನಿಲ್ಲ. ಆ ರೇಡಿಯೋ ಆಫ್ ಮಾಡೇ, ತಲೆ ಸಿಡೀತಿದೆ.”

ನಮ್ಮ ರೇಡಿಯೋ ಹಾಕಿರಲೇ ಇಲ್ಲ. ಪಕ್ಕದ ಮನೆಯದು ಅದು. ಆವತ್ತು ಅವಳು ಟೀಗೆ ಎರಡು ಸಲ ಸಕ್ಕರೆ ಹಾಕಿ, ಕುಡಿದು, ಸಕ್ಕರೆ ಕಮ್ಮಿ ಎಂದಳು. ಏನೋ ಇದೆ ಎಂದುಕೊಂಡೆ, ಕೇಳಲು ಹೋಗಿ ಬೈಸಿಕೊಂಡೆ, ಬಿಟ್ಟೆ. ಅವಳು ಏನು ಕಂಡಳು ಎಂಬುದನ್ನು ನನಗೆ ಹೇಳಿದ್ದು ಎಲ್ಲ ಕೆಟ್ಟ ಮೇಲೆ. ನಿಮ್ಮನ್ನು ಅಷ್ಟು ಕಾಯಿಸುವುದಿಲ್ಲ, ಈಗಲೇ ಹೇಳುತ್ತೇನೆ.

ಲಿಕ್ವಿಡಿಟಿ ಈ ವರ್ಷದ ಪ್ರಶ್ನೆ. ಸಾಲ್ವೆನ್ಸಿ ಮುಂದಿನ ಹಲವು ವರ್ಷಗಳದು: ಕಂಪನಿ ಹೊತ್ತಿರುವ ದೊಡ್ಡ ಸಾಲವನ್ನು ಕೊನೆಯವರೆಗೂ ಹೊರಬಲ್ಲದೇ? ಅದಕ್ಕೆ ಬೇರೆ ಪುಟ ನೋಡಬೇಕು. ಪಂಪು ಕಂಪನಿಯ ಸ್ವಂತ ಬಂಡವಾಳ, ಉಳಿಸಿಟ್ಟ ಲಾಭ ಎಲ್ಲ ಸೇರಿ ಇನ್ನೂರು ಲಕ್ಷ. ದೀರ್ಘಾವಧಿ ಸಾಲ ಸಾವಿರ ಲಕ್ಷ. ತನ್ನದು ಒಂದು ರೂಪಾಯಿ ಇದ್ದರೆ ಸಾಲದ್ದು ಐದು. ಬಡ್ಡಿ ಕಟ್ಟುವ ಮೊದಲಿನ ಲಾಭ ನೂರಮೂವತ್ತೆರಡು, ಬಡ್ಡಿಯೇ ನೂರಿಪ್ಪತ್ತು. ಅಂದರೆ ದುಡಿಮೆ ಬಡ್ಡಿಯ 1.1 ಪಟ್ಟು ಮಾತ್ರ. ವ್ಯಾಪಾರ ಒಂದಿಷ್ಟು ಮಂಕಾದರೂ ಬಡ್ಡಿಗೇ ಸಾಲುವುದಿಲ್ಲ. ಇನ್ನೂ ಕೆಟ್ಟದ್ದು ಕೊನೆಯ ಪುಟದ ಸಣ್ಣ ಅಕ್ಷರದಲ್ಲಿತ್ತು. ಅಸಲಿನ ಕಂತು ಇನ್ನೂ ಶುರುವಾಗಿಯೇ ಇಲ್ಲ, ಶುರುವಾಗುವುದು ಒಂದು ವರ್ಷ ದಾಟಿದ ಮೇಲೆ. ಹಾಗಾಗಿ ಅದು ‘ವರ್ಷದೊಳಗೆ ಕೊಡಬೇಕಾದ್ದು’ ಎಂಬ ಸಾಲಿನಲ್ಲಿ ಕಾಣಿಸಿಕೊಂಡಿರಲಿಲ್ಲ. ಬ್ಯಾಂಕಿನಲ್ಲಿ ಕಂಡ ನೂರೈವತ್ತು ಲಕ್ಷವೋ, ಆ ಸಾಲದಲ್ಲೇ ಖರ್ಚಾಗದೆ ಮಿಕ್ಕ ಹಣ. ಸಾಲದ ದುಡ್ಡು ಒಂದು ಕಡೆ ಕರೆಂಟ್ ರೇಶಿಯೋವನ್ನು ಉಬ್ಬಿಸಿತ್ತು, ಸಾಲ ಮಾತ್ರ ಆ ಲೆಕ್ಕದ ಹೊರಗೆ ಕೂತಿತ್ತು. ಚಿಕ್ಕಮ್ಮ ಗುಂಡುಕಲ್ಲು ಎಂದಿದ್ದು ಇದನ್ನು.

ಪ್ರೆಸ್ಸಿನ ಕಥೆ ತಿರುವುಮುರುವು. ಸ್ವಂತ ಬಂಡವಾಳ ನಾನೂರು ಲಕ್ಷ, ದೀರ್ಘಾವಧಿ ಸಾಲ ಎಂಬತ್ತು. ರೂಪಾಯಿಗೆ ಇಪ್ಪತ್ತು ಪೈಸೆ. ದುಡಿಮೆ ಎಪ್ಪತ್ತೆರಡು, ಬಡ್ಡಿ ಎಂಟು, ಅಂದರೆ ಒಂಬತ್ತು ಪಟ್ಟು. ಕಟ್ಟಡ, ಯಂತ್ರ ಎಲ್ಲ ತಮ್ಮವೇ. ‘ಕೊಡಬೇಕಾದ’ ನೂರರಲ್ಲಿ ನಲವತ್ತು ಲಕ್ಷ ಶಾಲೆಗಳು ಮೊದಲೇ ಕೊಟ್ಟಿದ್ದ ಮುಂಗಡ. ಅದಕ್ಕೆ ಹಣ ಕೊಡಬೇಕಿಲ್ಲ, ಪುಸ್ತಕ ಕೊಟ್ಟರಾಯಿತು. ತಿಂಗಳ ಕೊನೆಯಲ್ಲಿ ಕೈ ಬಿಗಿ, ಸಂಬಳ ತಡ, ನಿಜ. ಆದರೆ ಬುಡ ಗಟ್ಟಿ.

ಅರ್ಧ ಪಾಠ ಮುಗಿದಾಗ ಪೂರ್ತಿ ಷರಾ ಕೊಟ್ಟುಬಿಟ್ಟಿದ್ದಳು. ಅಕೌಂಟ್ಸ್ ಮೇಷ್ಟ್ರುಗಳಿಗೆ ಮಾತ್ರ ಬರುವ ಕೇಡು ಇದು. ಆ ವಾರದ ಪಾಠ ಲಿಕ್ವಿಡಿಟಿ, ಹಾಗಾಗಿ ಆ ವಾರ ಅವಳ ಕಣ್ಣಿಗೆ ಕಂಪನಿಯೂ ಅಷ್ಟೇ.

ಆಗಲೇ ಹೇಳಬಹುದಿತ್ತು. ಪ್ರೆಸ್ಸಿಗೆ ಉತ್ತರ ಕೊಡಲು ಅವರಿಗೆ ಇನ್ನೂ ಸಮಯವಿತ್ತು. ಚಿಕ್ಕಮ್ಮ ತನಗೆ ತಾನೇ ನೆವ ಹೇಳಿಕೊಂಡಳು. ಪರೀಕ್ಷೆ ಹತ್ತಿರ ಬಂತು, ಈಗ ಹೇಳಿದರೆ ಅವರ ತಲೆ ಕೆಡುತ್ತದೆ. ಅನುಪಾತ ಒಂದು ಅಂದಾಜು, ಕಂಪನಿ ಸುಧಾರಿಸಲೂಬಹುದು. ಇವೆಲ್ಲ ನೆವವೇ. ನಿಜ ಏನೆಂದರೆ, ಇಡೀ ಕ್ಲಾಸಿನ ಮುಂದೆ ಸೆರಗು ಸಿಕ್ಕಿಸಿಕೊಂಡು ಹೇಳಿದ್ದನ್ನು ಅದೇ ಕ್ಲಾಸಿನ ಮುಂದೆ ನುಂಗಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ಅದರ ಮೇಲೆ ಇನ್ನೊಂದು ಆಸೆ. ಕೈಯಲ್ಲಿ ಹಣವಿದ್ದೂ ಸಾಲದಲ್ಲಿ ಮುಳುಗಿರುವ ಕಂಪನಿ! ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆ? ಬಿಡಲು ಮನಸ್ಸು ಬರಲಿಲ್ಲ. ಎಲ್ಲ ಅಂಕಿಗಳನ್ನೂ ಮೂರರಿಂದ ಗುಣಿಸಿದಳು. ಪಂಪನ್ನು ಸೈಕಲ್ ಮಾಡಿದಳು. ‘ಒಂದು ಸೈಕಲ್ ಕಂಪನಿಯ ಬ್ಯಾಲೆನ್ಸ್ ಶೀಟು ಹೀಗಿದೆ’ ಎಂದು ಪ್ರಶ್ನೆ ಬರೆದಳು. ಗುರುತು ಸಿಗುವುದಿಲ್ಲ ಎಂದುಕೊಂಡಳು.

ಆ ಸಂಜೆ ನಾನು ಹಿಂದಿನ ಬೆಂಚಿನಲ್ಲಿದ್ದೆ. ಸೈಕಲ್ ಕಂಪನಿಯ ಸರಕು, ಬಾಕಿ, ಹಣ ಸೇರಿದ ಚಾಲ್ತಿ ಆಸ್ತಿ ಸಾವಿರದ ನಾನೂರ ನಲವತ್ತು, ವರ್ಷದೊಳಗೆ ಕೊಡಬೇಕಾದ್ದು ಆರುನೂರು. ಮೊದಲು ಹಳೆಯ ಪಾಠದ ನೆನಪಿಗೆ ಕರೆಂಟ್ ರೇಶಿಯೋ ಎಂದಳು. ಭಾಗಿಸಿದಳು. ‘2.4’ ಎಂದು ಬರೆದಳು. ಸೀಮೆಸುಣ್ಣ ಹಲಗೆಯ ಮೇಲೆಯೇ ನಿಂತಿತು.

ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಅಂಕಿ ಬದಲಾಗುತ್ತದೆ, ಅನುಪಾತ ಬದಲಾಗುವುದಿಲ್ಲ. ಸಣ್ಣ ಕಂಪನಿಯನ್ನೂ ದೊಡ್ಡ ಕಂಪನಿಯನ್ನೂ ಪಕ್ಕಪಕ್ಕ ಇಟ್ಟು ನೋಡಲು ಅನುಪಾತ ಬೇಕಾಗುವುದೇ ಅದಕ್ಕೆ. ಇದನ್ನು ಅವಳು ಪ್ರತಿ ವರ್ಷ ಮೊದಲ ದಿನವೇ ಹೇಳುತ್ತಾಳೆ. ಮುಚ್ಚಿಡುವ ಗಡಿಬಿಡಿಯಲ್ಲಿ ಅವಳೇ ಅದನ್ನು ಮರೆತಿದ್ದಳು. ಮುಂದೆ ಕ್ವಿಕ್ ರೇಶಿಯೋ, 1.65. ಸ್ಟೋರ್ಸ್ ಅಣ್ಣ ತಲೆಯೆತ್ತಿ ಹಲಗೆ ನೋಡಿದರು. ಕೆಳಗೆ ನೋಡಿದರು. ಮತ್ತೆ ಹಲಗೆ ನೋಡಿದರು. ಚಿಕ್ಕಮ್ಮ ಕತ್ತು ತಿರುಗಿಸದೆ, ಬಸ್ಸು ತಪ್ಪಿಹೋಗುತ್ತದೆ ಎನ್ನುವವಳ ಹಾಗೆ, ಸಾಲ ಬಂಡವಾಳದ ಐದು ಪಟ್ಟು, ದುಡಿಮೆ ಬಡ್ಡಿಯ 1.1 ಪಟ್ಟು ಎಂದು ಸರಸರ ಬರೆದು ಕೈ ಒರೆಸಿಕೊಂಡಳು.

“ಷರಾ, ಮೇಡಂ?” ಮುಂದಿನ ಬೆಂಚಿನ ಹುಡುಗಿ ಕೇಳಿದಳು.

“ಮನೇಲಿ ನೀವೇ ಬರ್ಕೊಳ್ಳಿ. ಹೊತ್ತಾಯ್ತು.”

ನನಗೆ ಆಶ್ಚರ್ಯವಾಯಿತು. ಕೆಳಗೆ ಮಿಷನ್ ನಿಂತರೂ ಷರಾ ಬರೆಸದೆ ಬಿಡುವವಳಲ್ಲ ಅವಳು. ಎಲ್ಲರೂ ಇಳಿದು ಹೋದರು. ಸ್ಟೋರ್ಸ್ ಅಣ್ಣ ಬಾಗಿಲ ಹತ್ತಿರ ಶೂ ಹಾಕಿಕೊಳ್ಳುತ್ತ ನಿಂತಿದ್ದರು. ಒಂದು ಲೇಸು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರು. ಚಿಕ್ಕಮ್ಮ ಓರೆಗಣ್ಣಲ್ಲಿ ಅದನ್ನು ನೋಡುತ್ತ, ಒರೆಸಿದ ಹಲಗೆಯನ್ನೇ ಮತ್ತೆ ಒರೆಸುತ್ತಿದ್ದಳು.

“ಏನಾದ್ರೂ ಡೌಟಾ?” ಬೆನ್ನು ಹಾಕಿಕೊಂಡೇ ಕೇಳಿದಳು.

ಅವರು ಇನ್ನೊಂದು ಶೂ ಹಾಕಿಕೊಂಡರು. “ಇಲ್ಲ ಮೇಡಂ. ನೀವೇನಾದ್ರೂ ಹೇಳ್ಬೇಕಿತ್ತಾ?”

“ನಾನಾ? ಇಲ್ವಲ್ಲ.”

“ಸರಿ ಮೇಡಂ, ಬರ್ತೀನಿ.”

ಕಬ್ಬಿಣದ ಮೆಟ್ಟಿಲಿನ ಸದ್ದು ಕೆಳಗೆ ತಲುಪುವವರೆಗೂ ಅವಳು ಡಸ್ಟರ್ ಹಿಡಿದು ನಿಂತೇ ಇದ್ದಳು. ದಾರಿಯಲ್ಲಿ ನಾನು ಏನೇ ಮಾತೆತ್ತಿದರೂ ‘ಹೂಂ’ ಎಂದಳು. ಊಟಕ್ಕೆ ಕೂತು ಅನ್ನ ಕಲಸಿ, ಕಲಸಿದ್ದನ್ನು ಹಾಗೇ ಬಿಟ್ಟು ಎದ್ದಳು.

ಅವರು ಪ್ರೆಸ್ಸಿಗೆ ಹೋಗಲಿಲ್ಲ.

ಪರೀಕ್ಷೆ ಬಂತು. ಒಂದು ಪ್ರಶ್ನೆ ನೇರವಾಗಿ ಅದೇ: ಚಾಲ್ತಿ ಅನುಪಾತ ಚೆನ್ನಾಗಿದ್ದು ಸಾಲದ ಹೊರೆ ಭಾರವಾಗಿರುವ ಕಂಪನಿಯ ಬಗ್ಗೆ ಟಿಪ್ಪಣಿ ಬರೆಯಿರಿ. ಸ್ಟೋರ್ಸ್ ಅಣ್ಣ ಬರೆದರು, ಒಳ್ಳೆಯ ಮಾರ್ಕು ತೆಗೆದು ಪಾಸಾದರು. ಕಂಪನಿಯೂ ಮಾತು ಉಳಿಸಿಕೊಂಡು ಅವರನ್ನು ಅಕೌಂಟ್ಸ್ ವಿಭಾಗಕ್ಕೆ ಹಾಕಿತು. ಒಂದು ಚೀಲ ಕಿತ್ತಳೆ ತಂದು ಚಿಕ್ಕಮ್ಮನ ಕೈಗಿಟ್ಟರು.

“ಎಲ್ಲಾ ನಿಮ್ಮಿಂದ ಮೇಡಂ. ಸಂಬಳ ಒಂದನೇ ತಾರೀಕು ಬೆಳಿಗ್ಗೆನೇ ಬೀಳುತ್ತೆ. ಒಂದು ದಿನ ಹಿಂದೆ ಮುಂದೆ ಆಗಿಲ್ಲ.”

ಅವರು ಹೋದ ಮೇಲೆ ಚೀಲವನ್ನು ಬಿಚ್ಚದೆ ಕೆಳಗಿನ ಟೈಲರಿಗೆ ಕೊಟ್ಟಳು. “ನಂಗೆ ಕಿತ್ತಳೆ ಆಗಲ್ಲ,” ಎಂದಳು. ಕಿತ್ತಳೆ ಸಿಪ್ಪೆಯನ್ನೂ ಬಿಡದೆ ತಿನ್ನುವವಳು! ಅಲ್ಲಿಂದ ಮುಂದೆ ಅವರ ಕಂಪನಿಯ ಸುದ್ದಿಯನ್ನು ಆಸ್ಪತ್ರೆ ಸೇರಿದವರ ಸುದ್ದಿ ವಿಚಾರಿಸುವ ಹಾಗೆ ವಿಚಾರಿಸತೊಡಗಿದಳು. ಟೈಲರ ತಮ್ಮ ಅಲ್ಲೇ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ‘ಚೆನ್ನಾಗಿ ನಡೀತಿದೆ’ ಎಂದು ಅವನು ಹೇಳಿದ ದಿನ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಳು. ಆ ತುತ್ತುಗಳ ಅರ್ಥ ನನಗೆ ಆಗ ಗೊತ್ತಾಗಲಿಲ್ಲ.

ಮಾರನೆಯ ವರ್ಷ ಸಾಲದ ಅಸಲಿನ ಕಂತು ಶುರುವಾಯಿತು. ಅದೇ ಸಮಯಕ್ಕೆ ಪಂಪಿನ ವ್ಯಾಪಾರವೂ ಇಳಿದಿತ್ತು. ಬ್ಯಾಂಕಿನಲ್ಲಿದ್ದ ಹಣ ಕೆಲವು ಕಂತಿಗೆ ಆಯಿತು, ಆಮೇಲೆ ಕೈ ಬರಿದಾಯಿತು. ಕೊನೆಯ ತಿಂಗಳ ಸಂಬಳವೂ ಒಂದನೇ ತಾರೀಕೇ ಆಗಿತ್ತಂತೆ. ಅದಾದ ಕೆಲವೇ ದಿನಕ್ಕೆ ಬೆಳಿಗ್ಗೆ ಹೋದವರಿಗೆ ಗೇಟಿಗೆ ಬೀಗ, ಸಾಲ ಕೊಟ್ಟವರ ನೋಟೀಸು. ಟೈಲರು ಮೆಟ್ಟಿಲು ಹತ್ತಿ ಬಂದು ತನ್ನ ತಮ್ಮನ ಗೋಳು ಹೇಳುತ್ತಿದ್ದರೆ ಚಿಕ್ಕಮ್ಮ ಸೀಮೆಸುಣ್ಣ ಕೆಳಗಿಟ್ಟಳು.

ಆವತ್ತು ಕ್ಲಾಸನ್ನು ಅರ್ಧಕ್ಕೇ ಬಿಟ್ಟು ಎಲ್ಲವನ್ನೂ ನನಗೆ ಹೇಳಿದಳು. ಭಾನುವಾರದ ಲೆಕ್ಕ, ಮೂರರ ಗುಣಾಕಾರ, ಸೈಕಲ್, ಎಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಸಮಾಧಾನ ಹೇಳುವುದು ಬಿಟ್ಟು ಕೂಗಾಡಿಬಿಟ್ಟೆ.

“ಒಂದು ಸಲ ಎಲ್ಲರಿಗೂ ಟೀ ಕೊಡ್ಸಿದ್ರೆ ಮುಗೀತಿತ್ತಲ್ಲ ಚಿಕ್ಕಮ್ಮ! ಅಷ್ಟಕ್ಕೆ ಒಬ್ಬರ ಸಂಸಾರ ಬೀದಿಗೆ ತಂದ್ಯಲ್ಲ!”

“ಬೈಯೇ. ಚೆನ್ನಾಗಿ ಬೈ. ಅವ್ರು ಬೈಯಲ್ಲ, ಅದು ನಂಗೊತ್ತು.”

ಮರುದಿನ ಸಂಜೆ ಇಬ್ಬರೂ ಅವರ ಮನೆಗೆ ಹೋದೆವು. ಗಲ್ಲಿಯ ಕೊನೆಯ ಕಟ್ಟಡದ ಎರಡನೇ ಮಹಡಿ. ಅವರ ಹೆಂಡತಿ ಒಂದು ರಾಶಿ ಬೇರೆಯವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಹೊಸದಾಗಿ ಶುರು ಮಾಡಿದ ಕೆಲಸವೆಂದು ನೋಡಿದರೇ ಗೊತ್ತಾಗುತ್ತಿತ್ತು. ಇಸ್ತ್ರಿಪೆಟ್ಟಿಗೆಗೆ ಅಂಟಿಸಿದ ಅಂಗಡಿಯ ಚೀಟಿ ಇನ್ನೂ ಹೋಗಿರಲಿಲ್ಲ. ಮಗಳು ಕಿಟಕಿಯ ಹತ್ತಿರ ಓದುತ್ತಿದ್ದಳು.

“ಅಯ್ಯೋ, ಮೇಡಂ ಬಂದ್ರು! ಬನ್ನಿ, ಬನ್ನಿ,” ಎಂದು ಆಕೆ ಬಟ್ಟೆ ಸರಿಸಿ ಕುರ್ಚಿ ಹಾಕಿದರು. ಸ್ಟೋರ್ಸ್ ಅಣ್ಣ ಒಳಗಿನಿಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದರು. ಚಿಕ್ಕಮ್ಮ ಕೂರಲಿಲ್ಲ. ನಿಂತೇ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಒಂದೇ ಉಸಿರಿಗೆ ಹೇಳಿದಳು.

“ನಾನು ಆವತ್ತು ಹೇಳಿದ್ದು ತಪ್ಪು. ನಿಮ್ಮ ಕಂಪನಿ ಗಟ್ಟಿ ಇರ್ಲಿಲ್ಲ. ಪ್ರೆಸ್ಸೇ ಗಟ್ಟಿ ಇತ್ತು. ನೀವು ಅವ್ರಿಗೆ ಉತ್ತರ ಕೊಡೋ ಮುಂಚೆನೇ ಅದು ನಂಗೆ ಗೊತ್ತಾಯ್ತು. ಗೊತ್ತಾಗಿಯೂ ಹೇಳ್ಲಿಲ್ಲ. ಆ ಸೈಕಲ್ ಕಂಪನಿ ನಿಮ್ಮದೇ.”

ಇಸ್ತ್ರಿಪೆಟ್ಟಿಗೆ ನಿಂತಿತು. ಆಕೆ ಗಂಡನ ಮುಖ ನೋಡಿದರು. ಅವರು ತಲೆ ಕೆರೆದುಕೊಂಡು, ತಾವೇ ಏನೋ ತಪ್ಪು ಮಾಡಿದವರ ಹಾಗೆ ಮೆಲ್ಲಗೆ ಹೇಳಿದರು:

“ಅದು ನಮ್ದೇ ಅಂತ ನಂಗೆ ಆವತ್ತೇ ಗೊತ್ತಾಯ್ತು ಮೇಡಂ. ಎರಡು ಪಾಯಿಂಟ್ ನಾಲ್ಕು, ಒಂದು ಪಾಯಿಂಟ್ ಆರು ಐದು. ಹಿಂದಿನ ವಾರ ತಾನೇ ಬರ್ಕೊಂಡಿದ್ದೆ. ಎರಡೂ ಹಾಗೇ ಬಂದಾಗ ಮನೆಗೆ ಬಂದು ಮೂರರಿಂದ ಭಾಗಿಸಿ ನೋಡ್ದೆ. ಪ್ರತಿಯೊಂದೂ ಸರಿಯಾಗಿ ಕೂತ್ಕೊಳ್ತು.”

“ಗೊತ್ತಾಗಿಯೂ ಯಾಕೆ ಪ್ರೆಸ್ಸಿಗೆ ಹೋಗ್ಲಿಲ್ಲ?” ಚಿಕ್ಕಮ್ಮ ಕೇಳಿದಳು.

“ಐದು ಪಟ್ಟು ಸಾಲ ಅಂತ ನೋಡಿ ಹೆದರಿಕೆ ಆಯ್ತು. ಆದ್ರೆ ಅದು ಎಷ್ಟು ಕೆಟ್ಟದ್ದು ಅಂತ ಅಳೆಯೋ ಅನುಭವ ನಂಗೆಲ್ಲಿದೆ ಮೇಡಂ? ನೀವು ಷರಾ ಬರೆಸ್ತೀರಿ ಅಂತ ಕಾದೆ. ನೀವು ಬರೆಸ್ಲಿಲ್ಲ. ಎಲ್ಲರೂ ಹೋದ್ಮೇಲೆ ಹೇಳ್ತೀರೇನೋ ಅಂತ ಬಾಗಿಲ ಹತ್ರ ನಿಂತೆ, ಕೇಳಿದೆ ಕೂಡ. ನೀವು ಏನಿಲ್ಲ ಅಂದ್ರಿ. ಅಪಾಯ ಇದ್ದಿದ್ರೆ ನಮ್ಮ ಮೇಡಂ ಸುಮ್ನೆ ಇರ್ತಿರ್ಲಿಲ್ಲ ಅನ್ಕೊಂಡು, ಮಾರನೇ ದಿನಾನೇ ಪ್ರೆಸ್ಸಿಗೆ ಫೋನ್ ಮಾಡಿ ಬರಲ್ಲ ಅಂದ್ಬಿಟ್ಟೆ.”

ಚಿಕ್ಕಮ್ಮ ಈಗ ಕುರ್ಚಿಯಲ್ಲಿ ಕೂತಳು. ಅದುವರೆಗೆ ಅವಳು ತನ್ನ ತಪ್ಪನ್ನು ಒಂದು ರೀತಿಯಲ್ಲಿ ಅಳೆದುಕೊಂಡಿದ್ದಳು: ತಪ್ಪು ಮಾತು ಹೇಳಿದೆ, ತಿದ್ದಲಿಲ್ಲ. ಈಗ ತಿಳಿದದ್ದು ಬೇರೆ. ತಪ್ಪು ಮಾತನ್ನು ಆ ಮನುಷ್ಯ ತಾವಾಗಿಯೇ ದಾಟಿ ಬಂದಿದ್ದರು. ಅವರನ್ನು ಅಲ್ಲಿ ಕಟ್ಟಿಹಾಕಿದ್ದು ಅವಳ ಮೌನ. ನಾನು ಅಲ್ಲಿಯವರೆಗೆ ಅವಳ ಮೇಲೆ ಸಿಟ್ಟಾಗಿದ್ದವಳು, ಆ ಮುಖ ನೋಡಿ ಬೇರೆ ಕಡೆ ತಿರುಗಿದೆ.

ಅವರ ಹೆಂಡತಿ ಮಾತ್ರ ಸುಮ್ಮನಿರಲಿಲ್ಲ. “ಒಂದು ಮಾತು ಹೇಳ್ಬೇಕಿತ್ತು ಮೇಡಂ ನೀವು,” ಎಂದರು. ಜೋರಾಗಿ ಏನಲ್ಲ. ಮತ್ತೆ ಇಸ್ತ್ರಿಗೆ ತಿರುಗಿದರು. ಇಡೀ ಮನೆಯಲ್ಲಿ ನ್ಯಾಯವಾದ ಮಾತು ಅದೊಂದೇ ಎಂದು ನನಗನ್ನಿಸಿತು.

“ಪ್ರೆಸ್ಸಿನ ಕೆಲ್ಸ ಈಗ್ಲೂ…” ಚಿಕ್ಕಮ್ಮ ಕೇಳಿದಳು.

“ಆಗ್ಲೇ ಬೇರೆಯವ್ರು ಬಂದಿದಾರೆ. ಅಲ್ಲಿ ಈಗ್ಲೂ ಸಂಬಳ ಹನ್ನೆರಡಕ್ಕೇ ಅಂತೆ,” ಎಂದು ಸ್ಟೋರ್ಸ್ ಅಣ್ಣ ನಕ್ಕರು. ನಗಬಾರದಿತ್ತು ಅವರು. ಆಮೇಲೆ ಒಳಗೆ ಹೋಗಿ ಒಂದು ವಾರ್ಷಿಕ ವರದಿ ತಂದರು.

“ನೀವು ಬಂದಿದ್ದು ಒಳ್ಳೇದೇ ಆಯ್ತು. ಇದು ಪೈಂಟ್ ಕಂಪನಿ ಒಂದರದು. ಅಲ್ಲಿ ಅರ್ಜಿ ಹಾಕಿದೀನಿ. ಸ್ವಲ್ಪ ನೋಡಿ ಹೇಳ್ತೀರಾ ಮೇಡಂ?”

ಚಿಕ್ಕಮ್ಮ ಕೈ ಚಾಚಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಇದು ಅವಳಿಂದ ಆಗಲಿಲ್ಲ, ಕಣ್ಣಲ್ಲಿ ನೀರು ಬಂದುಬಿಟ್ಟಿತು. ಸೆರಗಿನಿಂದ ಒರೆಸಿಕೊಂಡು ಹೇಳಿದಳು:

“ನೀವು ಲೆಕ್ಕ ಹಾಕಿ. ನಾನು ಪಕ್ಕದಲ್ಲಿ ಕೂತು ನೋಡ್ತೀನಿ. ಎಲ್ಲಾ ಪುಟ. ಕೊನೇ ಪುಟದ ಸಣ್ಣ ಅಕ್ಷರಾನೂ.”

ಅವರು ಹಾಕಿದರು. ಕರೆಂಟ್ ರೇಶಿಯೋ ಒಂದೂವರೆ. ಸಾಲ ಬಂಡವಾಳದ ಅರ್ಧ. ದುಡಿಮೆ ಬಡ್ಡಿಯ ಐದು ಪಟ್ಟು. ಮುಂದೆ ಬರಬೇಕಾದ ದೊಡ್ಡ ಕಂತು ಇದೆಯೇ ಎಂದು ಚಿಕ್ಕಮ್ಮ ಬೆರಳಿಟ್ಟು ಹುಡುಕಿದಳು, ಇರಲಿಲ್ಲ. ಎಲ್ಲ ಮುಗಿದ ಮೇಲೆ ಅವರು ಪೆನ್ನು ಹಿಡಿದು, ಕ್ಲಾಸಿನಲ್ಲಿ ಕಾಯುತ್ತಿದ್ದ ಹಾಗೆಯೇ, ಅವಳ ಮುಖ ನೋಡುತ್ತ ಕಾದರು.

“ಬರ್ಕೊಳ್ಳಿ,” ಎಂದಳು. “ಈ ವರ್ಷ ಕೈ ತೀರಾ ಸಡಿಲ ಇಲ್ಲ, ಆದ್ರೆ ನಡೆಯುತ್ತೆ. ಮುಂದಕ್ಕೂ ಸಾಲ ಹೊರೋ ಶಕ್ತಿ ಇದೆ. ಇದು ಹೋದ ಮಾರ್ಚಿನ ಲೆಕ್ಕ, ಆಮೇಲೆ ಏನಾಗಿದೆಯೋ ನಂಗೆ ಗೊತ್ತಿಲ್ಲ. ಕೆಲ್ಸ ಸಿಕ್ಕಿದ್ರೆ ಹೋಗೋ ಮುಂಚೆ ಹೊಸ ಸಾಲ ಮಾಡಿದಾರಾ ಅಂತ ಕೇಳಿ. ನಾನು ಹೇಳಿದ್ದು ತಪ್ಪು ಅಂತ ಅನ್ನಿಸಿದ್ರೆ, ನಂಗೆ ಹೇಳಿ.”

ಅವರು ಕಾಮಾ ಬಿಡದೆ ಬರೆದುಕೊಂಡರು.

ಇಬ್ಬರೂ ಗಲ್ಲಿ ದಾಟಿದೆವು. ನನಗೆ ಬೈಯಲು ಏನೂ ಉಳಿದಿರಲಿಲ್ಲ. ರಸ್ತೆ ದಾಟಲು ನಿಂತಾಗ ನನ್ನ ತೋಳು ಹಿಡಿದುಕೊಂಡಳು.

“ಈಗ ಷರಾ ಹೇಳಿದ್ನಲ್ಲ, ಎಷ್ಟು ಹೊತ್ತು ಹಿಡೀತೇ?”

“ಒಂದೆರಡು ನಿಮಿಷ.”

“ಅವ್ರು ಆವತ್ತು ಶೂ ಲೇಸು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ್ರು ಕಣೇ,” ಎಂದಳು. “ಅಷ್ಟು ಹೊತ್ತು ಕೊಟ್ಟಿದ್ರು ನಂಗೆ.”